ಶೇ. 30 ಪಾಲಿನ ಲೆಕ್ಕ: ಈಕ್ವಿಟಿ ಮೆಥಡ್‌ನಲ್ಲಿ ನನ್ನ ಮೊದಲ ವರ್ಷ

ನಾನು ಪಂಪ್ ತಯಾರಿಸುವ ಕಂಪನಿಯೊಂದರ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮಗೆ ಎರಕದ ಭಾಗಗಳು ಬರುವುದು ಬೆಳಗಾವಿಯ ಒಂದು ಫೌಂಡ್ರಿಯಿಂದ. ಒಂದು ವರ್ಷ ಏಪ್ರಿಲ್ 1ರಂದು ಆ ಫೌಂಡ್ರಿಯ ಶೇ. 30 ಷೇರನ್ನು ನಮ್ಮ ಕಂಪನಿ 12 ಕೋಟಿ ರೂಪಾಯಿಗೆ ಕೊಂಡಿತು. ಉಳಿದ ಷೇರೆಲ್ಲ ಒಂದೇ ಮನೆತನದ ಕೈಯಲ್ಲಿದೆ. ಬೋರ್ಡಿನ ಏಳು ಜನರಲ್ಲಿ ಇಬ್ಬರು ನಮ್ಮವರು. ಅಲ್ಲಿ ನಮ್ಮ ಮಾತು ಕೇಳುತ್ತಾರೆ, ಆದರೆ ಕೊನೆಯ ತೀರ್ಮಾನ ನಮ್ಮದಲ್ಲ.

ಇಂಥ ಕಂಪನಿಗೆ ಭಾರತದ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 28ರಲ್ಲಿ ಅಸೋಸಿಯೇಟ್ ಎನ್ನುತ್ತಾರೆ. ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಮತಾಧಿಕಾರ ಇದ್ದರೆ ಪ್ರಭಾವ ಇದೆ ಎಂದೇ ಹಿಡಿಯಬೇಕು, ಇಲ್ಲವೆನ್ನುವುದಾದರೆ ಅದನ್ನು ಸ್ಪಷ್ಟವಾಗಿ ತೋರಿಸಬೇಕು. ಹಿಡಿತ ನಮ್ಮದಲ್ಲವಾದ್ದರಿಂದ ಅವರ ಮಾರಾಟ, ಸಾಲ, ಯಂತ್ರಗಳನ್ನು ನಮ್ಮ ಲೆಕ್ಕಕ್ಕೆ ಸಾಲುಸಾಲಾಗಿ ಸೇರಿಸುವಂತಿಲ್ಲ. ಕನ್ಸಾಲಿಡೇಟೆಡ್ ಬ್ಯಾಲೆನ್ಸ್ ಶೀಟಿನಲ್ಲಿ ಒಂದೇ ಸಾಲು, ಕೊಂಡ ಬೆಲೆಯಿಂದ ಶುರುವಾಗಿ ಅವರ ಲಾಭದಲ್ಲಿ ನಮ್ಮ ಪಾಲಿನಷ್ಟು ಬೆಳೆಯುತ್ತದೆ. ಇದೇ ಈಕ್ವಿಟಿ ಮೆಥಡ್. ಆ ಒಂದು ಸಾಲಿನ ಮೊತ್ತ ಕಂಡುಹಿಡಿಯುವುದರಲ್ಲೇ ಕೆಲಸವೆಲ್ಲ ಇದೆ.

ಅವರ ಲಾಭಕ್ಕೆ ಶೇ. 30 ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಮೊದಲು ಕೊಂಡ ದಿನಕ್ಕೆ ಹೋಗಬೇಕಾಯಿತು. ಆ ದಿನ ಅವರ ಪುಸ್ತಕದಲ್ಲಿ ನಿವ್ವಳ ಆಸ್ತಿ 30 ಕೋಟಿ ಇತ್ತು, ನಮ್ಮ ಪಾಲು 9 ಕೋಟಿ. ನಾವು ಕೊಟ್ಟದ್ದು 12. ಮಿಕ್ಕ 3 ಕೋಟಿ ಯಾವುದಕ್ಕೆ ಹೋಯಿತು? ಮೌಲ್ಯಮಾಪಕರನ್ನು ಕರೆಸಿದಾಗ ಕುಲುಮೆ ಮತ್ತು ಯಂತ್ರಗಳ ಬೆಲೆ, ಡೆಫರ್ಡ್ ಟ್ಯಾಕ್ಸ್ ಕಳೆದ ಮೇಲೂ, ಪುಸ್ತಕದಲ್ಲಿರುವುದಕ್ಕಿಂತ 4 ಕೋಟಿ ಜಾಸ್ತಿ ಎಂದು ಗೊತ್ತಾಯಿತು. ಅದರಲ್ಲಿ ನಮ್ಮ ಪಾಲು 1.2 ಕೋಟಿ. ಉಳಿದ 1.8 ಕೋಟಿ ಗುಡ್‌ವಿಲ್. ಈ ಗುಡ್‌ವಿಲ್‌ಅನ್ನು ಬೇರೆ ಸಾಲಿನಲ್ಲಿ ತೋರಿಸುವುದಿಲ್ಲ, ವರ್ಷವರ್ಷ ಸವೆಸುವುದೂ ಇಲ್ಲ. ಅದು ಆ 12 ಕೋಟಿಯೊಳಗೇ ಇರುತ್ತದೆ.

ಆದರೆ ಯಂತ್ರದ 1.2 ಕೋಟಿ ಸವೆಯುತ್ತದೆ. ಯಂತ್ರಗಳಿಗೆ ಇನ್ನು 8 ವರ್ಷ ಆಯುಸ್ಸು ಇತ್ತು, ಅಂದರೆ ವರ್ಷಕ್ಕೆ 15 ಲಕ್ಷ. ಈ ಸವಕಳಿ ಫೌಂಡ್ರಿಯ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಅವರ ಪಾಲಿಗೆ ಯಂತ್ರದ ಬೆಲೆ ಹಳೆಯದೇ, ಅಲ್ವಾ? ನಾವೇ ನೆನಪಿಟ್ಟು ಕಳೆಯಬೇಕು.

ವರ್ಷದ ಕೊನೆಗೆ ಫೌಂಡ್ರಿಯ ಲಾಭ ತೆರಿಗೆ ಕಳೆದು 5 ಕೋಟಿ, ನಮ್ಮ ಪಾಲು 1.5 ಕೋಟಿ. ಅದರಿಂದ ಆ 15 ಲಕ್ಷ ಕಳೆದೆ. ಇನ್ನೊಂದು ಕಳೆಯುವುದಿತ್ತು. ಅವರು ನಮಗೆ ಮಾರಿದ ಎರಕದಲ್ಲಿ ಒಂದಷ್ಟು ಮಾರ್ಚ್ 31ಕ್ಕೆ ನಮ್ಮ ಗೋದಾಮಿನಲ್ಲೇ ಉಳಿದಿತ್ತು. ಆ ಸರಕಿನ ಮೇಲೆ ತೆರಿಗೆ ಕಳೆದು 40 ಲಕ್ಷ ಲಾಭವನ್ನು ಅವರು ಬರೆದುಕೊಂಡಿದ್ದರು. ಸರಕು ನಮ್ಮಿಂದ ಹೊರಗೆ ಹೋಗುವ ತನಕ ಅದರಲ್ಲಿ ನಮ್ಮ ಪಾಲಿನ 12 ಲಕ್ಷವನ್ನು ನಾವು ಗಳಿಸಿದಂತಲ್ಲ. ಅದನ್ನೂ ಕಳೆದಾಗ ಲಾಭದ ಪಾಲು 1.23 ಕೋಟಿಗೆ ಬಂತು.

ನಾನು ಎಡವಿದ್ದು ಡಿವಿಡೆಂಡ್‌ನಲ್ಲಿ. ಫೌಂಡ್ರಿ ಆ ವರ್ಷ 1 ಕೋಟಿ ಹಂಚಿತು, ನಮಗೆ 30 ಲಕ್ಷ ಬಂತು. ಕಂಪನಿಯ ಸ್ವಂತ ಲೆಕ್ಕದಲ್ಲಿ ಹೂಡಿಕೆಯನ್ನು ಕೊಂಡ ಬೆಲೆಗೇ ಇಟ್ಟಿದ್ದೆವು, ಅಲ್ಲಿ ಡಿವಿಡೆಂಡ್ ಆದಾಯವೇ. ಕನ್ಸಾಲಿಡೇಟೆಡ್ ಲೆಕ್ಕದಲ್ಲೂ ಹಾಗೇ ಬಿಟ್ಟಿದ್ದೆ. ಅಲ್ಲಿ ಅವರ ಲಾಭದ ಪಾಲನ್ನು ಆಗಲೇ ತೆಗೆದುಕೊಂಡಾಗಿದೆ. ಅದೇ ಲಾಭ ನಗದಾಗಿ ಕೈಗೆ ಬಂದಾಗ ಮತ್ತೆ ಆದಾಯ ಎಂದರೆ ಎರಡು ಸಲ ಎಣಿಸಿದಂತೆ. ಆ 30 ಲಕ್ಷ ಹೂಡಿಕೆಯ ಮೊತ್ತದಿಂದ ಇಳಿಯಬೇಕಿತ್ತು.

ತಪ್ಪು ಸಿಕ್ಕಿದ್ದು ನಮ್ಮ ಆಡಿಟರ್ ಹೇಳಿಕೊಟ್ಟ ತಾಳೆಯಿಂದ. ಮೇಲಿನಿಂದ ಲೆಕ್ಕ ಹಾಕಿದ ಮೊತ್ತ ಕೆಳಗಿನಿಂದಲೂ ಬರಬೇಕು ಎಂದರು. ವರ್ಷದ ಕೊನೆಗೆ ಫೌಂಡ್ರಿಯ ನಿವ್ವಳ ಆಸ್ತಿ 34 ಕೋಟಿ, ನಮ್ಮ ಪಾಲು 10.20. ಸವೆಯದೆ ಉಳಿದ ಯಂತ್ರದ ಬೆಲೆ 1.05. ಗುಡ್‌ವಿಲ್ 1.80. ಗೋದಾಮಿನ ಸರಕಿನ 0.12 ಕಳೆದರೆ 12.93 ಕೋಟಿ. ನನ್ನ ಹಾಳೆಯಲ್ಲಿದ್ದದ್ದು 13.23. ವ್ಯತ್ಯಾಸ ಸರಿಯಾಗಿ 30 ಲಕ್ಷ. ಎಲ್ಲಿ ತಪ್ಪಿದೆ ಎಂದು ಹುಡುಕಬೇಕಾಗಲೇ ಇಲ್ಲ. ಡಿವಿಡೆಂಡ್ ತಿದ್ದಿದೆ, 12 ಕೂಡಿಸು 1.23 ಕಳೆ 0.30, ಅದೇ 12.93.

ಈಗ ಅಸೋಸಿಯೇಟ್‌ಗೆ ಒಂದು ಹಾಳೆ ಇಟ್ಟಿದ್ದೇನೆ, ಕೊಂಡ ದಿನದಿಂದ ಶುರುವಾಗುವಂಥದ್ದು. ಎರಡನೇ ವರ್ಷ ಗೋದಾಮಿನ ಹಳೆಯ ಸರಕು ಪಂಪ್ ಆಗಿ ಮಾರಾಟವಾಯಿತು, ಕಳೆದಿದ್ದ 12 ಲಕ್ಷ ಲಾಭಕ್ಕೆ ವಾಪಸ್ ಬಂತು. ಯಂತ್ರದ 15 ಲಕ್ಷ ಮಾತ್ರ ಹಿಂದಿನಂತೆ ಕಳೆಯಿತು, ಇನ್ನು ಆರು ವರ್ಷ ಕಳೆಯುತ್ತದೆ.