ಎರಡು ಸಲ ವಾಪಸ್ ಬಂದ ಫೀಸು

ಮಗಳಿಗೆ ಮಂಗಳೂರು ಕಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು 2024ರಲ್ಲಿ. ಸಾಲ ಕೊಟ್ಟದ್ದು ಇಲ್ಲಿಯದೇ, ಕಾಸರಗೋಡಿನ ಒಂದು ಬ್ಯಾಂಕ್ ಶಾಖೆ. ಮೊದಲ ಕಂತು 1,60,000 ರೂಪಾಯಿ ನೆಫ್ಟ್‌ನಲ್ಲಿ ನೇರ ಕಾಲೇಜಿಗೆ ಹೋಯಿತು. ನಾಲ್ಕನೇ ದಿನ ಕಾಲೇಜಿನ ಕ್ಯಾಷ್ ಕೌಂಟರಿನಿಂದ ಫೋನ್: "ಸರ್, ಫೀಸು ಬಂದಿಲ್ಲ."

ಬ್ಯಾಂಕಿಗೆ ಓಡಿದೆ. ಆಫೀಸರ್ ಹುಡುಕಿ ನೋಡಿ ಹೇಳಿದರು: "ಮಾಷೇ, ಅದು ಅದೇ ದಿನ ರಿಟರ್ನ್ ಆಗಿದೆ. ಹೆಸರು ತಾಳೆಯಾಗಿಲ್ಲ ಅಂತ ಕಾಣುತ್ತದೆ." ಪ್ರವೇಶ ಪತ್ರದಲ್ಲಿ ಇದ್ದದ್ದು ಕಾಲೇಜಿನ ಹೆಸರು, ಖಾತೆ ಇದ್ದದ್ದು ಅದನ್ನು ನಡೆಸುವ ಟ್ರಸ್ಟಿನ ಹೆಸರಲ್ಲಿ. ಕಾಲೇಜಿಗೆ ಹೋಗಿ, ಈ ಖಾತೆ ನಮ್ಮದೇ ಎಂದು ಪ್ರಾಂಶುಪಾಲರ ಸಹಿ, ಮೊಹರಿನ ಪತ್ರ ತಂದೆ. ಬಸ್ಸಿನಲ್ಲೇ ಒಂದು ದಿನ ಕಳೆಯಿತು. ಎಂಟನೇ ದಿನ ಟ್ರಸ್ಟಿನ ಹೆಸರು ಹಾಕಿ ಮತ್ತೆ ಕಳಿಸಿದರು. ಅದೂ ವಾಪಸ್.

ಈಗ ನಾನು ಒಂದೇ ಪಟ್ಟು ಹಿಡಿದೆ: ರಿಟರ್ನ್ ಆದ ಕಾರಣ ಏನೆಂದು ಬರೆದಿದೆ, ಅದನ್ನು ತೋರಿಸಿ. ಪರದೆಯಲ್ಲಿ ಇದ್ದದ್ದು ಹೆಸರಿನ ಮಾತಲ್ಲ, ಅಂಥ ಖಾತೆಯೇ ಇಲ್ಲ ಎಂದು. ನೆಫ್ಟ್‌ನಲ್ಲಿ ಆ ಕಡೆಯ ಬ್ಯಾಂಕ್ ಖಾತೆ ಸಂಖ್ಯೆ ನೋಡಿ ಹಣ ಹಾಕುತ್ತದೆ, ಹೆಸರು ನೋಡಿ ಅಲ್ಲ. ಇದು ಗೊತ್ತಿದ್ದರೆ ಆ ಪತ್ರಕ್ಕಾಗಿ ಅಲೆಯಬೇಕಿರಲಿಲ್ಲ, ಅಲ್ವಾ? (ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಾಕಿದ ಗಡುವು 2025ರ ಏಪ್ರಿಲ್ 1. ನಮ್ಮ ಕಾಲಕ್ಕೆ ಅದು ಇರಲಿಲ್ಲ.)

ಆ ಸಂಖ್ಯೆ ಮಾಮೂಲು ಖಾತೆಯದ್ದಲ್ಲ, ವರ್ಚುವಲ್ ಅಕೌಂಟ್. ಯಾವ ಮಕ್ಕಳ ಫೀಸು ಎಂದು ಗುರುತು ಸಿಗಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಡುತ್ತಾರೆ. ಮುಂದೆ ಇಂಗ್ಲಿಷ್ ಅಕ್ಷರಗಳು, ಹಿಂದೆ ಮಗಳ ಅರ್ಜಿ ಸಂಖ್ಯೆ. ನಡುವೆ ಇದ್ದ ಸೊನ್ನೆಯನ್ನು ಎರಡು ಸಲವೂ ಇಂಗ್ಲಿಷಿನ 'ಓ' ಎಂದು ಟೈಪ್ ಮಾಡಿದ್ದರು. ಜೆರಾಕ್ಸ್ ಪ್ರತಿಯಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು, ಆಫೀಸರನ್ನು ಬೈದು ಪ್ರಯೋಜನವಿಲ್ಲ.

ಆ ಕಡೆ ಕನ್ನಡದ ಕ್ಯಾಷಿಯರ್, ಈ ಕಡೆ ಮಲಯಾಳದ ಆಫೀಸರ್, ನಡುವೆ ನಾನು. ಫೋನಿನಲ್ಲಿ ಒಂದೊಂದೇ ಅಕ್ಷರ ಓದಿಸಿ, ಬರೆಸಿಕೊಂಡು, "ಇದು ಓ ಅಲ್ಲ, ಪೂಜ್ಯಂ" ಎಂದು ತಿರುಗಿ ಹೇಳಿಸಿದೆ. ಹನ್ನೊಂದನೇ ದಿನ ಹಣ ಕಳಿಸಿ, ಆ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಕೊಟ್ಟರು. ಸಂಜೆಯೊಳಗೆ ಕಾಲೇಜಿನಿಂದ ರಸೀದಿ ಬಂತು.

ಮುಗಿಯಿತು ಅಂದುಕೊಂಡೆ. ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗ ಸಾಲ ಮೊದಲ ದಿನದಿಂದಲೇ ಲೆಕ್ಕವಾಗಿತ್ತು. ವಾಪಸ್ ಬಂದ ಹಣ ನಮ್ಮ ಸಾಲದ ಖಾತೆಗೆ ಬರದೆ ಶಾಖೆಯ ಬೇರೊಂದು ಖಾತೆಯಲ್ಲಿ ಕೂತಿತ್ತು. ಶೇಕಡಾ 10ರ ಬಡ್ಡಿಗೆ ದಿನಕ್ಕೆ 44 ರೂಪಾಯಿಯ ಹತ್ತಿರ, ಹನ್ನೊಂದು ದಿನಕ್ಕೆ ಸುಮಾರು 480. ಎರಡೂ ರಿಟರ್ನಿನ ತಾರೀಕು ಬರೆದು, ಆ ದಿನಗಳ ಬಡ್ಡಿ ತೆಗೆಯಿರಿ ಎಂದು ಅರ್ಜಿ ಕೊಟ್ಟು, ಸ್ವೀಕರಿಸಿದ್ದಕ್ಕೆ ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೆ. ಮುಂದಿನ ತಿಂಗಳು ಅದನ್ನು ಕಳೆದಿದ್ದರು.