ತಳದ ಮುದ್ರೆ ಓದುವಂತಿರಲಿ: ಹಳೆಯ ವಸ್ತುವಿನ ಚಿತ್ರವನ್ನು ದೂರದ ತಜ್ಞರಿಗಾಗಿ ತೆಗೆಯುವುದು ಹೇಗೆ?

ಬಿಳಿ ಲೋಹದಿಂದ ಮಾಡಿದ, ಅಂಗೈಯಗಲದ, ಮುಚ್ಚಳವಿರುವ ಹಳೆಯ ಪೆಟ್ಟಿಗೆಯೊಂದು ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಅದು ಗಟ್ಟಿ ಬೆಳ್ಳಿಯೋ, ಬೆಳ್ಳಿಯ ಲೇಪವೋ, ಯಾವ ಕಾಲದ್ದೋ ತಿಳಿಯದು; ತಳದಲ್ಲಿ ಸವೆದುಹೋದ ಸಣ್ಣ ಮುದ್ರೆಗಳ ಸಾಲೊಂದು ಮಾತ್ರ ಮಸುಕಾಗಿ ಕಾಣುತ್ತದೆ. ಇಂಥ ವಸ್ತುವನ್ನು ಗುರುತಿಸಲು ಕೋರುವ ಹೆಚ್ಚಿನವರು ಮುಚ್ಚಳದ ಕೆತ್ತನೆ ಚೆನ್ನಾಗಿ ಬರುವಂತೆ ಮೂರು ನಾಲ್ಕು ಚಿತ್ರ ತೆಗೆದು ಕಳುಹಿಸುತ್ತಾರೆ. ಆದರೆ ಜನ ಮೆಚ್ಚಿದ ವಿನ್ಯಾಸಗಳನ್ನು ಬಹುಕಾಲದ ನಂತರವೂ ನಕಲು ಮಾಡುತ್ತಿದ್ದುದರಿಂದ, ಕೆತ್ತನೆಯೊಂದನ್ನೇ ನೋಡಿ ಕಾಲವನ್ನು ಹೇಳುವುದು ಕಷ್ಟ. ತಜ್ಞರ ಕಣ್ಣು ಮೊದಲು ಹೋಗುವುದು ತಳ, ಬೆಸುಗೆ, ಕೀಲು ಮತ್ತು ಸವಕಳಿಯ ಕಡೆಗೆ.

ಚಿತ್ರ ತೆಗೆಯುವ ಮುನ್ನ ಪೆಟ್ಟಿಗೆಯನ್ನು ಉಜ್ಜಿ ಹೊಳಪು ಬರಿಸಬೇಡಿ. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಗೆರೆಗಳ ತಗ್ಗಿನಲ್ಲಿ ನಿಂತ ಕಪ್ಪು, ಮುದ್ರೆಯನ್ನು ಓದಲು ನೆರವಾಗುತ್ತದೆ. ಉಜ್ಜಿದರೆ ಅದರ ಜೊತೆಗೆ ಮುದ್ರೆಯ ಅಂಚೂ ಸ್ವಲ್ಪ ಸವೆಯುತ್ತದೆ, ಲೇಪವಿದ್ದರೆ ಅದು ಇನ್ನಷ್ಟು ತೆಳುವಾಗುತ್ತದೆ.

ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿ, ಹೊಳಪಿಲ್ಲದ ಬೂದು ಬಣ್ಣದ ಕಾಗದದ ಮೇಲೆ ಪೆಟ್ಟಿಗೆಯನ್ನಿಟ್ಟು, ಕೋಣೆಯ ದೀಪಗಳನ್ನೆಲ್ಲ ಆರಿಸಿ. ಹಗಲಿನ ಬೆಳಕೂ ದೀಪದ ಬೆಳಕೂ ಬೆರೆತರೆ ಲೋಹದ ಒಂದು ಬದಿ ನೀಲಿಯಾಗಿ, ಇನ್ನೊಂದು ಬದಿ ಹಳದಿಯಾಗಿ ಕಾಣಬಹುದು; ಲೋಹವನ್ನು ಬಣ್ಣದಿಂದ ಅಂದಾಜಿಸಬೇಕಾದಾಗ ಇದು ದೊಡ್ಡ ತೊಡಕು. ಕಿಟಕಿಯ ಎದುರು ಬದಿಗೆ ಬಿಳಿ ಹಾಳೆಯೊಂದನ್ನು ನಿಲ್ಲಿಸಿದರೆ ನೆರಳು ಮೃದುವಾಗುತ್ತದೆ. ಫ್ಲ್ಯಾಷ್ ಬೇಡವೇ ಬೇಡ.

ಫೋನನ್ನು ವಸ್ತುವಿನ ತೀರ ಹತ್ತಿರಕ್ಕೆ ಒಯ್ದರೆ ಮುಂದಿನ ಭಾಗ ಉಬ್ಬಿದಂತೆ, ಹಿಂದಿನದು ಕುಗ್ಗಿದಂತೆ ಬಂದು ಆಕಾರವೇ ತಪ್ಪಾಗುತ್ತದೆ. ಸುಮಾರು ಒಂದು ಮೀಟರ್ ಹಿಂದೆ ಸರಿದು ಎರಡು ಪಟ್ಟು ಜೂಮ್ ಬಳಸಿ, ಲೆನ್ಸನ್ನು ಪೆಟ್ಟಿಗೆಯ ನಡುಮಟ್ಟಕ್ಕೆ ತಂದು ನಾಲ್ಕೂ ಬದಿಗಳನ್ನು ತೆಗೆಯಿರಿ. ಬಳಿಕ ಮೇಲ್ಭಾಗ, ತಳ, ಮುಚ್ಚಳ ತೆರೆದ ಒಳಭಾಗ. ಒಂದು ಚಿತ್ರದಲ್ಲಾದರೂ ವಸ್ತುವಿಗೆ ತಾಗಿದಂತೆ ಅಳತೆಪಟ್ಟಿ ಇರಲಿ.

ಇನ್ನು ಹತ್ತಿರದ ಚಿತ್ರಗಳು. ಕೀಲಿನ ಒಳಮೈ, ಗೋಡೆ ಮತ್ತು ತಳ ಕೂಡುವ ಬೆಸುಗೆಯ ಗೆರೆ, ಕೈ ಹೆಚ್ಚು ತಾಗುವ ಮೂಲೆಗಳು ಇವುಗಳಲ್ಲಿ ಮುಖ್ಯ. ಲೇಪದ ವಸ್ತುವಾಗಿದ್ದರೆ ಈ ಮೂಲೆಗಳಲ್ಲೇ ಬೆಳ್ಳಿ ಸವೆದು, ಅಡಿಯ ತಾಮ್ರದ ಕೆಂಪೋ ಹಿತ್ತಾಳೆಯ ಹಳದಿಯೋ ಇಣುಕುತ್ತದೆ.

ಮುದ್ರೆಗೆ ಮಾತ್ರ ಬೇರೆಯದೇ ಬೆಳಕು ಬೇಕು. ಎದುರಿನಿಂದ ಬೀಳುವ ಬೆಳಕು ತಗ್ಗನ್ನೂ ಉಬ್ಬನ್ನೂ ಒಂದೇ ಸಮ ಬೆಳಗುವುದರಿಂದ ಸವೆದ ಅಕ್ಷರ ಮರೆಯಾಗುತ್ತದೆ. ಕೋಣೆಯನ್ನು ಕತ್ತಲಾಗಿಸಿ, ಟಾರ್ಚನ್ನು ತಳದ ಮಟ್ಟಕ್ಕೆ ಬಹುತೇಕ ಸಮನಾಗಿ, ಹತ್ತು ಹದಿನೈದು ಡಿಗ್ರಿಯಷ್ಟು ಮಾತ್ರ ಎತ್ತಿ ಹಿಡಿಯಿರಿ. ಆಗ ಕೂದಲೆಳೆಯಷ್ಟು ಆಳದ ಗೆರೆಯೂ ನೆರಳು ಚೆಲ್ಲುತ್ತದೆ. ಬೆಳಕಿಗೆ ಸಮಾನಾಂತರವಾಗಿರುವ ಗೆರೆಗೆ ನೆರಳು ಬೀಳದ ಕಾರಣ, ಫೋನ್ ಅಲುಗದಂತೆ ಆಸರೆ ಕೊಟ್ಟು, ಟಾರ್ಚನ್ನು ನಾಲ್ಕು ದಿಕ್ಕಿಗೂ ಸರಿಸುತ್ತ ನಾಲ್ಕು ಚಿತ್ರ ತೆಗೆಯಬೇಕು. ಪರದೆಯಲ್ಲಿ ಮುದ್ರೆಯ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಬಿಳುಪೇರಿದ ಜಾಗಗಳು ತಣಿಯುವವರೆಗೆ ಹೊಳಪನ್ನು ಇಳಿಸಿ. ಬೆಳಕು ಕೆಳಗಿನಿಂದ ಬಂದ ಚಿತ್ರದಲ್ಲಿ ತಗ್ಗು ಉಬ್ಬಿನಂತೆ ತೋರುವುದರಿಂದ, ಯಾವ ಚಿತ್ರಕ್ಕೆ ಯಾವ ದಿಕ್ಕಿನ ಬೆಳಕು ಎಂದು ಬರೆದಿಡುವುದು ಅಗತ್ಯ.

ನಮ್ಮ ಪೆಟ್ಟಿಗೆಯ ತಳ ಕಿಟಕಿಯ ಬೆಳಕಿನಲ್ಲಿ ನಾಲ್ಕು ಮಸುಕು ಚೌಕಗಳಂತೆ ಕಂಡಿತ್ತು ಎನ್ನೋಣ. ಎಡಗಡೆಯ ಟಾರ್ಚಿಗೆ ಅಕ್ಷರಗಳ ನಿಂತ ಗೆರೆಗಳೂ, ಮೇಲ್ಗಡೆಯ ಟಾರ್ಚಿಗೆ ಅಡ್ಡಗೆರೆಗಳೂ ಎದ್ದು ಬಂದು, ಎರಡನ್ನೂ ಕೂಡಿಸಿ ನೋಡಿದಾಗ ಇ.ಪಿ.ಎನ್.ಎಸ್. ಎಂದು ಓದಬಹುದಾಯಿತು. ನಿಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ ವಸ್ತುವಿನ ಗುರುತು ಅದು. ಅಲ್ಲಿ ನಡೆಯುವ ಸಿಂಹವಿದ್ದಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿಯ ಮಾತು ಬರುತ್ತಿತ್ತು. ಲೇಪದ ವಸ್ತುಗಳ ತಯಾರಕರು ಬೆಳ್ಳಿಯ ಮುದ್ರೆಗಳನ್ನು ಹೋಲುವ ಸಾಲುಗಳನ್ನು ಒತ್ತುತ್ತಿದ್ದುದೂ ಉಂಟು. ಆದ್ದರಿಂದಲೇ ಒಂದು ಮುದ್ರೆಯನ್ನು ಕತ್ತರಿಸಿ ಕಳುಹಿಸುವ ಬದಲು ಇಡೀ ಸಾಲು ಒಂದೇ ಚೌಕಟ್ಟಿನಲ್ಲಿರಬೇಕು.

ಕಳುಹಿಸುವ ಮುನ್ನ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ. ನಿಮಗೇ ಅಕ್ಷರದ ಅಂಚು ಮಸುಕಾಗಿದ್ದರೆ ತಜ್ಞರಿಗೂ ಹಾಗೆಯೇ ಇರುತ್ತದೆ. ಫೋನನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ತೆಗೆಯಿರಿ. ಸಂದೇಶದ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸುವುದರಿಂದ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿ. ಜೊತೆಗೆ ಉದ್ದ, ಅಗಲ, ಎತ್ತರ, ಗ್ರಾಂನಲ್ಲಿ ತೂಕ, ಅಯಸ್ಕಾಂತಕ್ಕೆ ಅಂಟುತ್ತದೆಯೇ ಎಂಬುದನ್ನು ಬರೆಯಿರಿ, ಏಕೆಂದರೆ ಇವು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ತಜ್ಞರು ಕೀಲಿನದೋ ಬೆಸುಗೆಯದೋ ಇನ್ನೊಂದು ಚಿತ್ರ ಕೇಳುವುದು ಸಾಮಾನ್ಯವಾದ್ದರಿಂದ, ಉತ್ತರ ಬರುವವರೆಗೆ ಕಾಗದ ಮತ್ತು ಬಿಳಿ ಹಾಳೆಯನ್ನು ಇದ್ದಲ್ಲಿಯೇ ಬಿಟ್ಟಿರಿ.