ನಿಫ್ಟಿ ಏರಿತು, ಪ್ರೀಮಿಯಂ ಕರಗಿತು

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು, ನಿಫ್ಟಿ ಆಪ್ಷನ್‌ಗಳಿಗೆ ಕೈಹಾಕಿದ ಹೊಸತರಲ್ಲಿ, ಅವನ್ನು ಕೊಳ್ಳಲು ಕೊಡುವ ಬೆಲೆಯಾದ ಪ್ರೀಮಿಯಂ ಎಂಬುದನ್ನು ಒಂದೇ ಅಂಕಿಯಾಗಿ ನೋಡುತ್ತಿದ್ದೆ. ನಿಫ್ಟಿ 24,150ರಲ್ಲಿದ್ದಾಗ, ಅವಧಿ ಮುಗಿಯುವ ಎಕ್ಸ್‌ಪೈರಿಗೆ ಇನ್ನೂ ಒಂಬತ್ತು ದಿನಗಳಿರುವಂತೆ, 24,300ರ ಕಾಲ್ ಅನ್ನು, ಅಂದರೆ ನಿಫ್ಟಿಯನ್ನು ಆ ಮಟ್ಟದಲ್ಲಿ ಕೊಳ್ಳುವ ಹಕ್ಕನ್ನು, 125 ರೂಪಾಯಿಗೆ ಕೊಂಡೆ. 24,000ರ ಕಾಲ್ ಆಗ 280 ರೂಪಾಯಿಗೆ ಸಿಗುತ್ತಿತ್ತು. ಅದು ದುಬಾರಿ, ಇದು ಅಗ್ಗ ಎಂಬುದಷ್ಟೇ ನನ್ನ ಲೆಕ್ಕಾಚಾರವಾಗಿತ್ತು. ಎಕ್ಸ್‌ಪೈರಿಯ ದಿನ ನಿಫ್ಟಿ 24,310ಕ್ಕೆ ಮುಗಿಯಿತು. "ಮಾರ್ಕೆಟ್ ಏರಿದೆಯಲ್ಲಪ್ಪ, ನಿನ್ನ ದುಡ್ಡು ಎಲ್ಲಿ ಹೋಯ್ತು?" ಎಂದು ಸಾಹುಕಾರರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. 125 ಕೊಟ್ಟ ಕಾಲ್‌ಗೆ ಬಂದದ್ದು ಬರೀ 10 ರೂಪಾಯಿ.

ಆ ರಾತ್ರಿ ಕಚ್ಚಾ ಪುಸ್ತಕದಲ್ಲಿ ಎರಡು ಕಾಲಂ ಎಳೆದೆ. ಈಗಲೇ ಹಕ್ಕು ಚಲಾಯಿಸಿದರೆ ಕೈಗೆ ಸಿಗುವ ಮೊತ್ತ, ಅಂದರೆ ನಿಫ್ಟಿಯಿಂದ ಹಕ್ಕಿನ ಮಟ್ಟವಾದ ಸ್ಟ್ರೈಕ್ ಕಳೆದು ಉಳಿಯುವುದು, ಆಂತರಿಕ ಮೌಲ್ಯ. ಅದು ಸೊನ್ನೆಗಿಂತ ಕೆಳಗಿಳಿಯದು. ಪ್ರೀಮಿಯಂನಲ್ಲಿ ಅದರ ಮೇಲಿರುವುದೆಲ್ಲ ಕಾಲಮೌಲ್ಯ. 24,000ರ ಕಾಲ್‌ನ 280ರಲ್ಲಿ 150 ಆಂತರಿಕ, 130 ಕಾಲಮೌಲ್ಯ. ನನ್ನ 125ರಲ್ಲಿ ಆಂತರಿಕ ಸೊನ್ನೆ, 125 ಪೂರ್ತಿ ಕಾಲಮೌಲ್ಯ. ಹಾಗಾದರೆ ಕರಗಿಹೋಗುವ ಭಾಗಕ್ಕೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ಅಗ್ಗದ ಆಸೆಗೆ ನಾನು ಬಿಟ್ಟುಕೊಟ್ಟದ್ದು ಉಳಿಯುವ ಭಾಗವನ್ನೇ. ಕೊನೆಗೆ 24,000ರ ಕಾಲ್‌ನ ಬೆಲೆ 310 ಆಗಿ, 130 ಕರಗಿದ ಮೇಲೂ 30 ಲಾಭ ಉಳಿಯುತ್ತಿತ್ತು. ಆದರೆ ನಿಫ್ಟಿ 23,900ಕ್ಕೆ ಇಳಿದಿದ್ದರೆ ಅದರಲ್ಲಿ ಪೂರ್ತಿ 280 ಹೋಗುತ್ತಿತ್ತು ಎಂಬುದನ್ನೂ ಹೇಳಲೇಬೇಕು.

ಕರಗುವ ವೇಗ ದಿನವೂ ಒಂದೇ ಅಲ್ಲವೆಂಬುದು ತಿಳಿಯಲು ಇನ್ನಷ್ಟು ವಾರಗಳು ಬೇಕಾದವು. ಮಾರುಕಟ್ಟೆಯ ಏರಿಳಿತದ ಅಂದಾಜು ಬದಲಾಗದಿದ್ದರೆ, ನಿಫ್ಟಿ ನಿಂತಲ್ಲೇ ಇರುವ ಸ್ಟ್ರೈಕ್‌ನ ಕಾಲಮೌಲ್ಯವು ಉಳಿದ ದಿನಗಳ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ: ಒಂಬತ್ತು ದಿನವಿದ್ದಾಗ 180 ಇದ್ದದ್ದು ನಾಲ್ಕು ದಿನವಿದ್ದಾಗ 120, ಒಂದು ದಿನವಿದ್ದಾಗ 60. ಮೊದಲ ಐದು ದಿನಗಳಲ್ಲಿ ಹೋದಷ್ಟೇ ಹಣ ಮುಂದಿನ ಮೂರು ದಿನಗಳಲ್ಲಿ, ಮತ್ತೆ ಅಷ್ಟೇ ಹಣ ಕೊನೆಯ ಒಂದೇ ದಿನದಲ್ಲಿ ಹೋಗುತ್ತದೆ. ಸ್ಟ್ರೈಕ್ ದೂರವಿದ್ದರೆ ಈ ಲೆಕ್ಕ ಹೊಂದದು. 24,000ರ ಕಾಲ್‌ನಲ್ಲಿ, ನಿಫ್ಟಿ 24,150ರಲ್ಲೇ ಇದ್ದರೂ, ಕೊನೆಯ ದಿನಕ್ಕೆ ಉಳಿಯುವ ಕಾಲಮೌಲ್ಯ 15ರ ಆಸುಪಾಸು, ಏಕೆಂದರೆ ಅಷ್ಟರಲ್ಲಿ ಅದರ ಗತಿ ಬಹುಪಾಲು ತೀರ್ಮಾನವಾಗಿರುತ್ತದೆ. ಏರಿಳಿತದ ಆ ಅಂದಾಜನ್ನು ತೋರಿಸುವ ಇಂಡಿಯಾ ವಿಕ್ಸ್ ಜಿಗಿದ ದಿನ ಕಾಲಮೌಲ್ಯ ಕರಗುವ ಬದಲು ಉಬ್ಬುವುದೂ ಉಂಟು. ಎರಡು ಕಾಲಂ ಇಲ್ಲದಿದ್ದರೆ ಅದು ನಿಫ್ಟಿ ಏರಿದ್ದರಿಂದ ಬಂದ ಲಾಭವೆಂದೇ ತೋರುತ್ತದೆ.

ಈಗ ಕೊಳ್ಳುವ ಮುನ್ನ ಕಾಲಮೌಲ್ಯದ ಅಂಕಿಯನ್ನು ಮೊದಲು ಬರೆಯುತ್ತೇನೆ. ನಾಲ್ಕು ದಿನ ಉಳಿದಾಗಲೂ ಆಂತರಿಕ ಮೌಲ್ಯದ ಕಾಲಂ ಸೊನ್ನೆಯೇ ಆಗಿದ್ದರೆ, ಸಿಕ್ಕಷ್ಟಕ್ಕೆ ಮಾರಿ ಹೊರಬರುತ್ತೇನೆ.